g ಬೆಲೆ 9.51 ಬಂದಾಗ ‘ಚರ್ಚೆ’ಯಲ್ಲಿ ಬರೆಯುವುದೇನು?

ಪ್ರಶ್ನೆ: ಸರ್, ಸರಳ ಲೋಲಕದಿಂದ g ಕಂಡುಹಿಡಿಯುವ ಪ್ರಯೋಗ ಮಾಡಿದ್ದೇನೆ. ಆರು ಉದ್ದಗಳಿಗೆ 20 ಆಂದೋಲನಗಳ ಕಾಲ ಅಳೆದು, ಪ್ರತಿ ಸಾಲಿಗೂ g ಲೆಕ್ಕ ಹಾಕಿ ಸರಾಸರಿ ತೆಗೆದರೆ 9.51 ಬಂತು. ಕೈಪಿಡಿಯ ನಮೂನೆಯಲ್ಲಿ ‘ಫಲಿತಾಂಶ: g = ……’ ಎಂಬ ಒಂದೇ ಗೆರೆ ಇದೆ, ‘ಚರ್ಚೆ’ ಎಂಬ ಶೀರ್ಷಿಕೆಯ ಕೆಳಗೆ ಬರೀ ಖಾಲಿ ಜಾಗ. ‘ಗಾಳಿಯ ಪ್ರತಿರೋಧ ಮತ್ತು ಮಾನವ ದೋಷದಿಂದ 3% ವ್ಯತ್ಯಾಸ ಬಂದಿದೆ’ ಎಂದು ಬರೆದೆ. ‘ಇದು ಚರ್ಚೆಯಲ್ಲ’ ಎಂಬ ಷರಾದೊಂದಿಗೆ ವರದಿ ವಾಪಸ್ ಬಂತು. ನನ್ನ ಅಳತೆ ಪುಸ್ತಕದ ಪುಟಗಳನ್ನು ಕಳಿಸಿದ್ದೇನೆ. ಈ ಎರಡು ಭಾಗಗಳನ್ನು ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಅಳತೆಗಳು ಚೆನ್ನಾಗಿವೆ. ಹಾಳಾಗಿರುವುದು ಅವುಗಳನ್ನು ಸರಾಸರಿ ಎಂಬ ಒಂದೇ ಸಂಖ್ಯೆಯೊಳಗೆ ತುಂಬಿದ ಕ್ರಮ. ಸರಾಸರಿ ತೆಗೆಯುವ ಮೊದಲು ನೀವು ಬರೆದಿರುವ ಆರು g ಬೆಲೆಗಳನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ನಿಧಾನವಾಗಿ ಓದಿ: 9.37, 9.48, 9.50, 9.53, 9.59, 9.59. ದಾರ ಉದ್ದವಾದಂತೆ g ಕೂಡ ಏರುತ್ತಿದೆ. ಗುರುತ್ವಕ್ಕೆ ನಿಮ್ಮ ದಾರದ ಉದ್ದ ಗೊತ್ತಿರಲು ಸಾಧ್ಯವಿಲ್ಲ. ಆದ್ದರಿಂದ ಈ ಏರಿಕೆ ಅಳತೆಯ ಕ್ರಮದಲ್ಲೇ ಎಲ್ಲೋ ಹುಟ್ಟಿದೆ. ಅದು ಎಲ್ಲಿ ಹುಟ್ಟಿತು ಎಂಬುದನ್ನು ನಿಮ್ಮದೇ ಅಂಕಿಗಳಿಂದ ತೋರಿಸಿಕೊಡುವುದು ಈ ವರದಿಯ ಚರ್ಚೆಯ ಕೆಲಸ.

ಮೊದಲು ಕೈಪಿಡಿಯ ನಮೂನೆಯ ವಿಷಯ. ನಮೂನೆಯ ಶೀರ್ಷಿಕೆಗಳು ಯಾವುದನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬುದನ್ನಷ್ಟೇ ಹೇಳುತ್ತವೆ. ‘ಫಲಿತಾಂಶ: g = ……’ ಎಂಬ ಗೆರೆ ಕೊನೆಯ ಉತ್ತರವನ್ನು ಬರೆಯುವ ಸ್ಥಳ, ಫಲಿತಾಂಶದ ಭಾಗ ಅಷ್ಟಕ್ಕೇ ಮುಗಿಯುವುದಿಲ್ಲ. ಆದರೆ ಅದೇ ಕೈಪಿಡಿಯ ‘ತತ್ವ’ ಎಂಬ ಭಾಗದಲ್ಲಿ ವರದಿಗೆ ಬೇಕಾದ ಎರಡು ಮುಖ್ಯ ಸಂಗತಿಗಳು ಅಡಗಿವೆ, ಮತ್ತು ಹೆಚ್ಚಿನವರು ಆ ಭಾಗವನ್ನು ನಕಲು ಮಾಡಿ ಮುಂದೆ ಹೋಗಿಬಿಡುತ್ತಾರೆ. ಒಂದು, ಸೂತ್ರ. T = 2π√(L/g) ಎಂಬುದನ್ನು ವರ್ಗ ಮಾಡಿದರೆ T² = (4π²/g) L ಆಗುತ್ತದೆ. ಅಂದರೆ T² ಅನ್ನು L ಎದುರು ಗುರುತಿಸಿದರೆ ಸರಳರೇಖೆ ಬರಬೇಕು, ಆ ರೇಖೆಯ ಇಳಿಜಾರು 4π²/g ಆಗಿರಬೇಕು, ಮತ್ತು ರೇಖೆ ಮೂಲಬಿಂದುವಿನ ಮೂಲಕ ಹಾದುಹೋಗಬೇಕು. ಇವು ಸಿದ್ಧಾಂತ ಮುಂದಿಡುವ ಮೂರು ನಿರೀಕ್ಷೆಗಳು. ನೀವು ಪ್ರತಿ ಸಾಲಿಗೂ ಪ್ರತ್ಯೇಕವಾಗಿ g ಲೆಕ್ಕ ಹಾಕಿದಾಗ ಮೂರನೆಯ ನಿರೀಕ್ಷೆಯನ್ನು ಪರೀಕ್ಷಿಸದೆಯೇ ಒಪ್ಪಿಕೊಂಡಿರಿ. ಎರಡನೆಯ ಸಂಗತಿ, L ಎಂದರೆ ಏನು ಎಂಬ ವ್ಯಾಖ್ಯೆ. ತೂಗುಬಿಂದುವಿನಿಂದ ಗುಂಡಿನ ಕೇಂದ್ರದವರೆಗಿನ ದೂರ ಎಂದು ಸಿದ್ಧಾಂತ ಹೇಳುತ್ತದೆ. ನಿಮ್ಮ ಕೋಷ್ಟಕದ ಮೊದಲ ಕಾಲಮ್ಮಿಗೆ ನೀವು ಕೊಟ್ಟಿರುವ ಹೆಸರು ‘ದಾರದ ಉದ್ದ’. ಈ ಎರಡೂ ಒಂದೇ ಅಲ್ಲ. ಪುಟದ ಮೇಲ್ತುದಿಯಲ್ಲಿ ವರ್ನಿಯರ್‌ನಿಂದ ಅಳೆದ ‘ಗುಂಡಿನ ವ್ಯಾಸ 2.42 ಸೆಂ.ಮೀ.’ ಎಂಬ ಸಾಲೂ ಇದೆ. ಮುಂದಿನ ಯಾವ ಲೆಕ್ಕದಲ್ಲೂ ಅದು ಮತ್ತೆ ಕಾಣಿಸಿಕೊಂಡಿಲ್ಲ. ಅಳೆದ ಒಂದು ಸಂಖ್ಯೆ ಲೆಕ್ಕದಲ್ಲಿ ಎಲ್ಲಿಯೂ ಬಳಕೆಯಾಗದೆ ಉಳಿದಿದ್ದರೆ ಅಲ್ಲಿ ನಿಂತು ನೋಡುವುದು ಒಳ್ಳೆಯದು.

ಈಗ ಫಲಿತಾಂಶದ ಭಾಗವನ್ನು ಕಟ್ಟೋಣ. ನೀವು ಪ್ರತಿ ಉದ್ದಕ್ಕೂ ಮೂರು ಬಾರಿ ಕಾಲ ಅಳೆದಿದ್ದೀರಿ. ಆ ಹದಿನೆಂಟೂ ಅಳತೆಗಳನ್ನು ಫಲಿತಾಂಶದಲ್ಲಿ ಹರಡಬೇಕಾಗಿಲ್ಲ, ಅವು ಅನುಬಂಧಕ್ಕೆ ಹೋಗಲಿ. ಫಲಿತಾಂಶದಲ್ಲಿ ಸರಾಸರಿ ಕಾಲ, ಅದರಿಂದ ಬಂದ T ಮತ್ತು T² ಇದ್ದರೆ ಸಾಕು. ಉದ್ದದ ಕಾಲಮ್ಮಿಗೆ ಮಾತ್ರ ನಿಜವಾಗಿ ಏನನ್ನು ಅಳೆದಿರೋ ಅದೇ ಹೆಸರು ಇರಲಿ. ನಾನು ಅದನ್ನು l ಎಂದು ಸಣ್ಣಕ್ಷರದಲ್ಲಿ ಬರೆಯುತ್ತೇನೆ.

| ದಾರದ ಉದ್ದ l (ಮೀ) | 20 ಆಂದೋಲನಗಳ ಸರಾಸರಿ ಕಾಲ (ಸೆ) | T (ಸೆ) | T² (ಸೆ²) |
|---|---|---|---|
| 0.400 | 25.97 | 1.2985 | 1.686 |
| 0.500 | 28.86 | 1.4430 | 2.082 |
| 0.600 | 31.58 | 1.5790 | 2.493 |
| 0.700 | 34.05 | 1.7025 | 2.899 |
| 0.800 | 36.29 | 1.8145 | 3.292 |
| 0.900 | 38.49 | 1.9245 | 3.704 |

ಕೋಷ್ಟಕದ ಕೆಳಗೆ ಒಂದು ಸಾಲಿನ ಲೆಕ್ಕವನ್ನು ಮಾದರಿಯಾಗಿ ಪೂರ್ತಿ ತೋರಿಸಿದರೆ ಉಳಿದ ಐದನ್ನು ಓದುಗರು ನಂಬುತ್ತಾರೆ. ಮೂರನೆಯ ಸಾಲನ್ನೇ ತೆಗೆದುಕೊಳ್ಳಿ. ನಿಮ್ಮ ಮೂರು ಅಳತೆಗಳು 31.52, 31.68 ಮತ್ತು 31.54 ಸೆಕೆಂಡು. ಸರಾಸರಿ 31.58. ಮೂರೂ ಈ ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದನ್ನು ಹೇಳುವ ಮಾನಕ ವಿಚಲನೆ ಸುಮಾರು 0.09 ಸೆಕೆಂಡು. ಮೂರರ ಸರಾಸರಿ ಆದ್ದರಿಂದ ಅದನ್ನು √3 ರಿಂದ ಭಾಗಿಸಿದರೆ ಸರಾಸರಿಯ ಅನಿಶ್ಚಿತತೆ ಸುಮಾರು 0.05 ಸೆಕೆಂಡು ಎಂದಾಗುತ್ತದೆ. ಇದು 31.58 ರಲ್ಲಿ 0.16%. T² ನಲ್ಲಿ T ಎರಡು ಬಾರಿ ಗುಣಿಸಲ್ಪಡುವುದರಿಂದ ಅದರ ಅನಿಶ್ಚಿತತೆ ಇದರ ಎರಡರಷ್ಟು, ಅಂದರೆ 0.32%, ಸುಮಾರು 0.008 ಸೆ². ಈ ಪುಟ್ಟ ಲೆಕ್ಕ ಮುಂದೆ ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ಸದ್ಯಕ್ಕೆ ಅದು ಹೇಳುವುದಿಷ್ಟು: ಕಾಲದ ಅಳತೆಯ ಚದುರಿಕೆಯಿಂದ ಒಂದು ಸಾಲಿನ g ಬೆಲೆ ಸುಮಾರು 0.03 ರಷ್ಟು ಅತ್ತಿತ್ತ ಆಗಬಹುದು. ನಿಮ್ಮ g ಬೆಲೆಗಳಾದರೋ ಮೊದಲ ಸಾಲಿನಿಂದ ಕೊನೆಯದಕ್ಕೆ 0.2 ಕ್ಕಿಂತ ಹೆಚ್ಚು ಏರಿವೆ, ಅದೂ ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ. ಚದುರಿಕೆ ಹೀಗೆ ಸಾಲುಗಟ್ಟಿ ಏರುವುದಿಲ್ಲ.

ಮುಂದಿನದು ಗ್ರಾಫ್. ಅಡ್ಡ ಅಕ್ಷದಲ್ಲಿ l, ಲಂಬ ಅಕ್ಷದಲ್ಲಿ T². ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ‘ಸೂತ್ರದ ಪ್ರಕಾರ ರೇಖೆ ಮೂಲಬಿಂದುವಿನಿಂದ ಹೊರಡಬೇಕಲ್ಲ’ ಎಂದುಕೊಂಡು ಸ್ಕೇಲಿನ ಒಂದು ತುದಿಯನ್ನು ಸೊನ್ನೆಯ ಮೇಲಿಟ್ಟೇ ಗೆರೆ ಎಳೆಯುತ್ತಾರೆ, ಅಥವಾ ಸ್ಪ್ರೆಡ್‌ಶೀಟ್‌ನಲ್ಲಿ ರೇಖೆ ಸೊನ್ನೆಯ ಮೂಲಕವೇ ಹೋಗುವಂತೆ ಆಯ್ಕೆ ಮಾಡುತ್ತಾರೆ. ನಿಮ್ಮ ಅಂಕಿಗಳಿಗೆ ಹಾಗೆ ಮಾಡಿದರೆ ಇಳಿಜಾರು 4.136 ಬರುತ್ತದೆ, g 9.55 ಆಗುತ್ತದೆ. ತಪ್ಪು ಎಲ್ಲಿಯೂ ಹೋಗಲಿಲ್ಲ, ಕಣ್ಣಿಗೆ ಕಾಣದಂತೆ ಇಳಿಜಾರಿನೊಳಗೆ ಸೇರಿಕೊಂಡಿತು. ರೇಖೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ತನ್ನ ಜಾಗವನ್ನು ತಾನೇ ತೋರಿಸುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಉದ್ದಗಳು A2 ರಿಂದ A7 ರವರೆಗೆ, T² ಬೆಲೆಗಳು D2 ರಿಂದ D7 ರವರೆಗೆ ಇದ್ದರೆ ಈ ಒಂದು ಸಾಲು ಸಾಕು:

```
=LINEST(D2:D7, A2:A7, TRUE, TRUE)
```

ಮೊದಲ TRUE ಎಂದರೆ ರೇಖೆಯನ್ನು ಸೊನ್ನೆಗೆ ಕಟ್ಟಿಹಾಕಬೇಡ ಎಂದರ್ಥ. ಎರಡನೆಯದು ಅನಿಶ್ಚಿತತೆಗಳನ್ನೂ ಕೊಡು ಎನ್ನುತ್ತದೆ. ಬರುವ ಉತ್ತರದ ಮೊದಲ ಸಾಲಿನಲ್ಲಿ ಇಳಿಜಾರು ಮತ್ತು ಇಂಟರ್‌ಸೆಪ್ಟ್, ಅಂದರೆ ರೇಖೆ ಲಂಬ ಅಕ್ಷವನ್ನು ಕತ್ತರಿಸುವ ಎತ್ತರ, ಇರುತ್ತವೆ. ಅವುಗಳ ಕೆಳಗಿನ ಸಾಲಿನಲ್ಲಿ ಕ್ರಮವಾಗಿ ಅವುಗಳ ಅನಿಶ್ಚಿತತೆ ಇರುತ್ತದೆ. ನಿಮ್ಮ ಅಂಕಿಗಳಿಗೆ ಇಳಿಜಾರು 4.036 ± 0.012 ಸೆ²/ಮೀ, ಇಂಟರ್‌ಸೆಪ್ಟ್ 0.069 ± 0.008 ಸೆ² ಬರುತ್ತದೆ. ಗ್ರಾಫ್ ಹಾಳೆಯಲ್ಲಿ ಕೈಯಿಂದ ಎಳೆಯುವವರು ಬಿಂದುಗಳು ಒಪ್ಪುವ ಅತಿ ಕಡಿದಾದ ಗೆರೆಯನ್ನೂ ಅತಿ ಕಡಿಮೆ ಇಳಿಜಾರಿನ ಗೆರೆಯನ್ನೂ ಎಳೆದು, ಎರಡರ ಇಳಿಜಾರುಗಳ ವ್ಯತ್ಯಾಸದ ಅರ್ಧವನ್ನು ಅನಿಶ್ಚಿತತೆ ಎಂದು ತೆಗೆದುಕೊಳ್ಳಬಹುದು. ಅದು ಒರಟು ವಿಧಾನವಾದರೂ ಪ್ರಾಮಾಣಿಕವಾದದ್ದು.

ಇಳಿಜಾರಿನಿಂದ g = 4π²/4.036 = 9.78 ಮೀ/ಸೆ². ಇಳಿಜಾರಿನ ಅನಿಶ್ಚಿತತೆ 0.3% ಆದ್ದರಿಂದ g ನದೂ ಅಷ್ಟೇ, ಅಂದರೆ 0.03. ಕ್ಯಾಲ್ಕುಲೇಟರ್ 9.7815… ಎಂದು ಇನ್ನೂ ಹತ್ತು ಅಂಕಿ ತೋರಿಸಿದರೂ ಎರಡನೆಯ ದಶಮಾಂಶ ಸ್ಥಾನವೇ ಮೂರರಷ್ಟು ಅಲುಗಾಡುತ್ತಿರುವಾಗ ಅದರಾಚೆಯ ಅಂಕಿಗಳಿಗೆ ಬೆಲೆಯಿಲ್ಲ. ಹೀಗೆ, ಬಿಂದುಗಳನ್ನು ಬದಲಿಸದೆ, ಒಂದನ್ನೂ ಕೈಬಿಡದೆ, ಅದೇ ಆರು ಸಾಲುಗಳಿಂದ 9.51 ಬದಲು 9.78 ಬಂತು. ಏಕೆ ಎಂಬುದು ಚರ್ಚೆಗೆ ಸೇರಿದ್ದು. ಫಲಿತಾಂಶದ ಭಾಗ ಕಂಡದ್ದನ್ನು ಮಾತ್ರ ಹೇಳಿ ನಿಲ್ಲಬೇಕು. ಅದನ್ನು ಸುಮಾರು ಹೀಗೆ ಬರೆಯಬಹುದು:

> ಆರು ಉದ್ದಗಳಿಗೆ ಅಳೆದ ಆಂದೋಲನ ಕಾಲಗಳನ್ನು ಕೋಷ್ಟಕ 1 ರಲ್ಲಿ ಕೊಡಲಾಗಿದೆ. ಇಲ್ಲಿ l ಎಂಬುದು ತೂಗುಬಿಂದುವಿನಿಂದ ಗುಂಡಿನ ಕೊಕ್ಕೆಯವರೆಗೆ ಅಳೆದ ದಾರದ ಉದ್ದ. T² ಮತ್ತು l ನಡುವಿನ ಸಂಬಂಧ, ಅಳೆದ ವ್ಯಾಪ್ತಿಯಲ್ಲಿ, ಸರಳರೇಖೆಯಾಗಿದೆ (ಚಿತ್ರ 1). ಬಿಂದುಗಳು ರೇಖೆಯಿಂದ ಗರಿಷ್ಠ 0.006 ಸೆ² ದೂರವಿದ್ದು, ಇದು T² ನ ಅಂದಾಜು ಅನಿಶ್ಚಿತತೆಯಾದ 0.008 ಸೆ² ಗಿಂತ ಕಡಿಮೆ. ರೇಖೆಯ ಇಳಿಜಾರು 4.036 ± 0.012 ಸೆ²/ಮೀ, ಲಂಬ ಅಕ್ಷದ ಇಂಟರ್‌ಸೆಪ್ಟ್ 0.069 ± 0.008 ಸೆ². ಇಳಿಜಾರಿನಿಂದ g = 9.78 ± 0.03 ಮೀ/ಸೆ². ದಾರದ ಉದ್ದವನ್ನೇ L ಎಂದು ತೆಗೆದುಕೊಂಡು ಪ್ರತಿ ಸಾಲಿಗೂ ನೇರವಾಗಿ ಲೆಕ್ಕ ಹಾಕಿದರೆ g ಬೆಲೆ 9.37 ರಿಂದ 9.59 ರವರೆಗೆ l ಜೊತೆಗೆ ಏರುತ್ತದೆ.

ಇದರಲ್ಲಿ ‘ಏಕೆಂದರೆ’ ಎಂಬ ಪದ ಒಮ್ಮೆಯೂ ಬಂದಿಲ್ಲ ಎಂಬುದನ್ನು ಗಮನಿಸಿ. ಎರಡು ಭಾಗಗಳ ನಡುವಿನ ಗಡಿಯನ್ನು ಗುರುತಿಸಲು ನಾನು ಬಳಸುವ ಸುಲಭ ಪರೀಕ್ಷೆ ಇದೇ. ಫಲಿತಾಂಶದ ವಾಕ್ಯದಲ್ಲಿ ಕಾರಣ ನುಸುಳಿದರೆ ಅದನ್ನು ಎತ್ತಿ ಚರ್ಚೆಗೆ ಹಾಕುತ್ತೇನೆ, ಚರ್ಚೆಯಲ್ಲಿ ಹೊಸ ಅಳತೆ ಮೊದಲ ಸಲ ಕಾಣಿಸಿಕೊಂಡರೆ ಅದನ್ನು ಫಲಿತಾಂಶಕ್ಕೆ ಒಯ್ಯುತ್ತೇನೆ. ಇನ್ನೊಂದು ಮಾತು: ಕೈಪಿಡಿಯಲ್ಲಿ ‘ಗುಂಡನ್ನು ಒಂದು ಪಕ್ಕಕ್ಕೆ ಎಳೆದು ಬಿಡಿ’ ಎಂದಿರುತ್ತದೆ. ವರದಿಗೆ ಬರುವಾಗ ಅದು ‘ಎಳೆದು ಬಿಡಲಾಯಿತು’ ಆಗಬೇಕು, ಮತ್ತು ನೀವು ನಿಜವಾಗಿ ಮಾಡಿದ್ದು ಕೈಪಿಡಿಗಿಂತ ಬೇರೆಯಾಗಿದ್ದರೆ ಮಾಡಿದ್ದನ್ನೇ ಬರೆಯಬೇಕು. ಕೊಕ್ಕೆಯವರೆಗೆ ಅಳೆದು ‘ಗುಂಡಿನ ಕೇಂದ್ರದವರೆಗೆ ಅಳೆಯಲಾಯಿತು’ ಎಂದು ಕೈಪಿಡಿಯ ವಾಕ್ಯವನ್ನು ನಕಲು ಮಾಡಿದರೆ, ನಿಮ್ಮ ತಪ್ಪನ್ನು ಕಂಡುಹಿಡಿಯುವ ದಾರಿಯನ್ನು ನೀವೇ ಮುಚ್ಚಿದಂತಾಗುತ್ತದೆ.

ಈಗ ಚರ್ಚೆಗೆ ಬರೋಣ. ಚರ್ಚೆ ಆರಂಭವಾಗಬೇಕಾದದ್ದು ಸಿದ್ಧಾಂತದ ನಿರೀಕ್ಷೆಗೂ ನಿಮಗೆ ಕಂಡದ್ದಕ್ಕೂ ಎಲ್ಲಿ ಹೊಂದಾಣಿಕೆ ತಪ್ಪಿತು ಎಂಬಲ್ಲಿಂದ. ಮೂರು ನಿರೀಕ್ಷೆಗಳಲ್ಲಿ ಎರಡು ನಿಜವಾಗಿವೆ: ಬಿಂದುಗಳು ಸರಳರೇಖೆಯ ಮೇಲಿವೆ, ಇಳಿಜಾರಿನಿಂದ ಸರಿಯಾದ g ಬಂದಿದೆ. ಮೂರನೆಯದು ಸುಳ್ಳಾಗಿದೆ. ಇಂಟರ್‌ಸೆಪ್ಟ್ ಸೊನ್ನೆಯಾಗಬೇಕಿತ್ತು, ಆದರೆ ಅದು ತನ್ನ ಅನಿಶ್ಚಿತತೆಯ ಎಂಟು ಪಟ್ಟಿಗೂ ಹೆಚ್ಚಿದೆ. ಇದನ್ನು ಆಕಸ್ಮಿಕ ಎನ್ನಲಾಗದು.

ನಿಜವಾದ ಉದ್ದ L, ನೀವು ಅಳೆದ l ಗಿಂತ ಯಾವುದೋ ಒಂದು ಸ್ಥಿರ ಮೊತ್ತ d ಯಷ್ಟು ಹೆಚ್ಚಿದೆ ಎಂದುಕೊಳ್ಳಿ. ಆಗ T² = (4π²/g)(l + d). ಇದೂ ಸರಳರೇಖೆಯೇ, ಇದರ ಇಳಿಜಾರೂ 4π²/g ಯೇ. ಬದಲಾಗಿರುವುದು ಇಂಟರ್‌ಸೆಪ್ಟ್ ಮಾತ್ರ, ಅದು ಈಗ ಇಳಿಜಾರು ಗುಣಿಸು d. ಹಾಗಾದರೆ ಇಂಟರ್‌ಸೆಪ್ಟನ್ನು ಇಳಿಜಾರಿನಿಂದ ಭಾಗಿಸಿದರೆ d ಸಿಗಬೇಕು: 0.069 ಭಾಗಿಸು 4.036, ಅಂದರೆ 0.017 ಮೀಟರ್. ಅನಿಶ್ಚಿತತೆ ಸಹಿತ 1.7 ± 0.2 ಸೆಂ.ಮೀ. ನಿಮ್ಮ ಗುಂಡಿನ ವ್ಯಾಸ 2.42, ಅದರ ಅರ್ಧ 1.21 ಸೆಂ.ಮೀ. ಉಳಿದ ಸುಮಾರು ಅರ್ಧ ಸೆಂಟಿಮೀಟರ್ ಕೊಕ್ಕೆಯ ಎತ್ತರಕ್ಕೆ ಹೊಂದುತ್ತದೆ. ಸಣ್ಣ ಉದ್ದಕ್ಕೆ g ಹೆಚ್ಚು ಕೆಟ್ಟದ್ದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. 40 ಸೆಂ.ಮೀ. ದಾರದಲ್ಲಿ 1.7 ಸೆಂ.ಮೀ. ಬಿಟ್ಟುಹೋದರೆ ಅದು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. 90 ಸೆಂ.ಮೀ. ದಾರದಲ್ಲಿ ಅದೇ 1.7 ನೂರಕ್ಕೆ ಎರಡೂ ಅಲ್ಲ. ಪ್ರತಿ l ಗೂ 0.017 ಕೂಡಿಸಿ g ಅನ್ನು ಮತ್ತೆ ಲೆಕ್ಕ ಹಾಕಿ ನೋಡಿ: 9.76, 9.80, 9.77, 9.76, 9.80, 9.77. ಏರಿಕೆ ಮಾಯವಾಗಿದೆ, ಉಳಿದಿರುವುದು 0.03 ರೊಳಗಿನ ಚದುರಿಕೆ ಮಾತ್ರ. ಮೂರನೆಯ ಸಾಲಿನ ಮೂರು ಅಳತೆಗಳಿಂದ ನಾವು ಮೊದಲೇ ಅಂದಾಜು ಮಾಡಿದ್ದೂ ಅಷ್ಟೇ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಈ 1.7 ಸೆಂ.ಮೀ. ಗ್ರಾಫಿನಿಂದ ಊಹಿಸಿದ್ದು, ಸ್ಕೇಲಿನಿಂದ ಅಳೆದದ್ದಲ್ಲ. ಅದನ್ನು ಕೂಡಿಸಿ ಬಂದ g ಬೆಲೆಗಳು ಒಂದಕ್ಕೊಂದು ಹೊಂದುತ್ತವೆ ಎಂಬುದು ವಿವರಣೆ ತನ್ನೊಳಗೆ ಸುಸಂಬದ್ಧವಾಗಿದೆ ಎಂದಷ್ಟೇ ತೋರಿಸುತ್ತದೆ, ಸ್ವತಂತ್ರ ಪುರಾವೆಯಾಗುವುದಿಲ್ಲ. ಸ್ವತಂತ್ರ ಪುರಾವೆ ವರ್ನಿಯರ್‌ನಲ್ಲಿದೆ. ತ್ರಿಜ್ಯ ಒಂದೇ ಆದರೆ 1.21, ಅದು 1.7 ಕ್ಕೆ ಸಾಲದು. ಪ್ರಯೋಗಾಲಯಕ್ಕೆ ಮತ್ತೆ ಹೋಗಿ ಅದೇ ಗುಂಡಿನ ಕೊಕ್ಕೆಯನ್ನು, ನೀವು ದಾರ ಕಟ್ಟಿದ ಜಾಗದಿಂದ ಗುಂಡಿನ ಮೇಲ್ಮೈವರೆಗೆ, ಅಳೆದುಕೊಂಡು ಬನ್ನಿ. ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ ನಿಮ್ಮ ಚರ್ಚೆ ಗಟ್ಟಿಯಾಗುತ್ತದೆ. ಕೊಕ್ಕೆ ಒಂದೇ ಮಿಲಿಮೀಟರ್ ಇದ್ದರೆ ದಾರವನ್ನು ಹಿಡಿದ ತುದಿಯಲ್ಲಿ, ಅಂದರೆ ದಾರ ನಿಜವಾಗಿ ಬಾಗುವ ಬಿಂದು ನೀವು ಸ್ಕೇಲ್ ಇಟ್ಟ ಜಾಗಕ್ಕಿಂತ ಮೇಲಿದೆಯೇ ಎಂದು, ಹುಡುಕಬೇಕಾಗುತ್ತದೆ. ಹೋಗಲು ಆಗದಿದ್ದರೆ ‘ಕೊಕ್ಕೆಯ ಎತ್ತರವನ್ನು ಅಳೆದಿಲ್ಲ’ ಎಂದು ಬರೆಯಿರಿ. ಅಳೆಯದ ಸಂಖ್ಯೆಯನ್ನು ಅಳೆದಂತೆ ಕೋಷ್ಟಕಕ್ಕೆ ಸೇರಿಸುವುದು, ಅಥವಾ ಹಳೆಯ l ಕಾಲಮ್ಮನ್ನು ಅಳಿಸಿ 0.417, 0.517 ಎಂದು ತಿದ್ದಿ ಬರೆಯುವುದು ಖಂಡಿತ ಬೇಡ.

ನೀವು ಹೆಸರಿಸಿದ ಕಾರಣಗಳನ್ನು ಸುಮ್ಮನೆ ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಅವುಗಳನ್ನು ತೂಗಿ ನೋಡಬೇಕು. ಒಂದು ಕಾರಣವನ್ನು ಚರ್ಚೆಯಲ್ಲಿ ಹೆಸರಿಸಿದಾಗ ಅದು ಎಷ್ಟು ವ್ಯತ್ಯಾಸ ತರಬಲ್ಲದು ಮತ್ತು ಯಾವ ದಿಕ್ಕಿಗೆ ತರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ‘ಗಾಳಿಯ ಪ್ರತಿರೋಧ’ ಎಂದಿರಿ. ಗಾಳಿ ಆಂದೋಲನದ ವಿಸ್ತಾರವನ್ನು ಕ್ರಮೇಣ ಕುಗ್ಗಿಸುತ್ತದೆ ನಿಜ, ಆದರೆ ಸಣ್ಣದಾದರೂ ಭಾರವಾದ ಗುಂಡು 20 ಬಾರಿ ತೂಗಿದ ಮೇಲೂ ಚೆನ್ನಾಗಿ ತೂಗುತ್ತಲೇ ಇದ್ದರೆ ಅದರ ಆಂದೋಲನ ಕಾಲದ ಮೇಲಾಗುವ ಪರಿಣಾಮ ನಿಮ್ಮ ಸ್ಟಾಪ್‌ವಾಚ್‌ಗೆ ಸಿಗುವಷ್ಟಿರುವುದಿಲ್ಲ. ಗಾಳಿಯ ತೇಲಿಸುವ ಬಲವನ್ನು ಲೆಕ್ಕಕ್ಕೆ ತಂದರೂ, ಹಿತ್ತಾಳೆಯ ಗುಂಡಿನ ಸಾಂದ್ರತೆ ಗಾಳಿಗಿಂತ ಸುಮಾರು ಏಳು ಸಾವಿರ ಪಟ್ಟು ಹೆಚ್ಚಿರುವುದರಿಂದ, ಪರಿಣಾಮ 0.014% ರ ಸುತ್ತಮುತ್ತ. ವಿವರಿಸಬೇಕಾಗಿರುವುದು 3%.

ದೊಡ್ಡ ಕೋನದ ಮಾತು ಸ್ವಲ್ಪ ಹೆಚ್ಚು ಗೌರವಕ್ಕೆ ಅರ್ಹ, ಏಕೆಂದರೆ ಅದು ಸರಿಯಾದ ದಿಕ್ಕಿಗಾದರೂ ತಳ್ಳುತ್ತದೆ. ವಿಸ್ತಾರ ಹೆಚ್ಚಾದರೆ ಆಂದೋಲನ ಕಾಲ ಹೆಚ್ಚುತ್ತದೆ, ಲೆಕ್ಕದ g ಕಡಿಮೆಯಾಗುತ್ತದೆ. ಕೋನವನ್ನು ರೇಡಿಯನ್‌ನಲ್ಲಿ θ ಎಂದರೆ T ಸುಮಾರು θ²/16 ಭಾಗದಷ್ಟು ಹೆಚ್ಚುತ್ತದೆ. 10 ಡಿಗ್ರಿಗೆ ಇದು 0.19%, g ಮೇಲೆ 0.4% ರಷ್ಟು. 3% ಕಡಿಮೆಯಾಗಬೇಕಾದರೆ ನೀವು ಗುಂಡನ್ನು ಸುಮಾರು 28 ಡಿಗ್ರಿ ಎಳೆದು, ಅದು ಅಷ್ಟೇ ವಿಸ್ತಾರದಲ್ಲಿ ತೂಗುತ್ತಿರಬೇಕಿತ್ತು. ನಿಮ್ಮ ಪುಟದಲ್ಲಿ ‘ಸಣ್ಣ ಕೋನ’ ಎಂದಷ್ಟೇ ಇದೆ, ಡಿಗ್ರಿ ಬರೆದಿಲ್ಲ. ಮುಂದಿನ ಸಲ ಬರೆದುಕೊಳ್ಳಿ. ಏನೇ ಆದರೂ 28 ಡಿಗ್ರಿಯನ್ನು ಯಾರೂ ಸಣ್ಣ ಕೋನ ಎನ್ನುವುದಿಲ್ಲ. ಜೊತೆಗೆ, ಎಲ್ಲ ಉದ್ದಗಳಿಗೂ ಕೋನ ಒಂದೇ ಆಗಿದ್ದರೆ ಪ್ರತಿ T ಯೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತಿತ್ತು. ಆಗ ತಪ್ಪು ಇಳಿಜಾರಿನಲ್ಲಿ ಕಾಣಿಸಿಕೊಳ್ಳುತ್ತಿತ್ತೇ ಹೊರತು ಇಂಟರ್‌ಸೆಪ್ಟ್ ಸೊನ್ನೆಯಾಗಿಯೇ ಇರುತ್ತಿತ್ತು.

ಈ ಕೊನೆಯ ಮಾತು ಇಡೀ ಚರ್ಚೆಯ ಬೆನ್ನೆಲುಬು, ಆದ್ದರಿಂದ ಇನ್ನೊಂದು ಉದಾಹರಣೆ ಕೊಡುತ್ತೇನೆ. ಎಣಿಕೆಯಲ್ಲಿ ಆಗುವ ಪ್ರಸಿದ್ಧ ತಪ್ಪೊಂದಿದೆ: ಸ್ಟಾಪ್‌ವಾಚ್ ಒತ್ತುವಾಗಲೇ ‘ಒಂದು’ ಎಂದು ಶುರುಮಾಡಿ ‘ಇಪ್ಪತ್ತು’ ಎಂದಾಗ ನಿಲ್ಲಿಸುವುದು. ಆಗ ನಡೆದಿರುವುದು 19 ಆಂದೋಲನ, ಭಾಗಿಸಿದ್ದು 20 ರಿಂದ. ಪ್ರತಿ ಸಾಲಿನ T ಯೂ 5% ಕಡಿಮೆಯಾಗಿ g ಸುಮಾರು 10.8 ಬರುತ್ತದೆ, ಮತ್ತು ಆರೂ ಸಾಲುಗಳಲ್ಲಿ ಅದೇ 10.8. ಗುಣಿಸುವ ತಪ್ಪು ಇಳಿಜಾರನ್ನು ಕೆಡಿಸುತ್ತದೆ, ಉದ್ದದಲ್ಲಿ ಕೂಡುವ ತಪ್ಪು ಇಂಟರ್‌ಸೆಪ್ಟನ್ನು ಕೆಡಿಸುತ್ತದೆ. ನಿಮ್ಮ ಇಳಿಜಾರು ಸರಿಯಿದ್ದು ಇಂಟರ್‌ಸೆಪ್ಟ್ ಕೆಟ್ಟಿರುವುದರಿಂದ, ಮೊದಲ ಗುಂಪಿನ ಕಾರಣಗಳನ್ನೆಲ್ಲ ಒಂದೇ ವಾಕ್ಯದಲ್ಲಿ ಹೊರಗಿಡಬಹುದು.

ನಿಜವಾಗಿ ಪೈಪೋಟಿ ಕೊಡುವ ಕಾರಣ ಒಂದೇ, ಅದು ನಿಮ್ಮ ‘ಮಾನವ ದೋಷ’ದೊಳಗೆ ಎಲ್ಲೋ ಅಡಗಿದೆ: ಸ್ಟಾಪ್‌ವಾಚನ್ನು ಪ್ರತಿ ಬಾರಿಯೂ ತಡವಾಗಿ ನಿಲ್ಲಿಸುವುದು. ಇದೂ ಕೂಡುವ ತಪ್ಪೇ, ಸಣ್ಣ ಉದ್ದವನ್ನೇ ಹೆಚ್ಚು ಕೆಡಿಸುತ್ತದೆ. ಆದ್ದರಿಂದ ಇದನ್ನು ಅಂಕಿಗಳಿಂದಲೇ ಎದುರಿಸಬೇಕು. l ಅನ್ನೇ ನಿಜವಾದ ಉದ್ದ ಎಂದುಕೊಂಡು g ಗೆ 9.78 ಇಟ್ಟರೆ, ಮೊದಲ ಸಾಲಿನ 20 ಆಂದೋಲನಗಳಿಗೆ 25.41 ಸೆಕೆಂಡು ಬರಬೇಕು. ನಿಮಗೆ ಬಂದದ್ದು 25.97, ಅಂದರೆ 0.56 ಸೆಕೆಂಡು ಹೆಚ್ಚು. ಕೊನೆಯ ಸಾಲಿನಲ್ಲಿ ಇದೇ ವ್ಯತ್ಯಾಸ 0.37 ಸೆಕೆಂಡು. ಬೆರಳಿನ ತಡ ದಾರದ ಉದ್ದಕ್ಕೆ ತಕ್ಕಂತೆ ಬದಲಾಗಲು ಕಾರಣವಿಲ್ಲ. ಅದೂ ಅಲ್ಲದೆ ಒಂದರ ನಂತರ ಒಂದು ಅಳತೆ 0.1 ಸೆಕೆಂಡಿನ ಆಸುಪಾಸಿನಲ್ಲೇ ಹೊಂದುತ್ತಿರುವಾಗ, ಪ್ರತಿ ಬಾರಿಯೂ ಶುರುವಿಗಿಂತ ಅರ್ಧ ಸೆಕೆಂಡು ಹೆಚ್ಚು ತಡವಾಗಿ ನಿಲ್ಲಿಸಿದಿರಿ ಎನ್ನುವುದು ಕಷ್ಟ. ಇನ್ನೂ ಅನುಮಾನ ಉಳಿದರೆ ಒಂದೇ ಉದ್ದಕ್ಕೆ 10 ಮತ್ತು 40 ಆಂದೋಲನಗಳ ಕಾಲ ಅಳೆದು ನೋಡಿ. ತಪ್ಪು ಬೆರಳಿನದಾದರೆ 40 ರಲ್ಲಿ T ಕಡಿಮೆಯಾಗುತ್ತದೆ. ಉದ್ದದ್ದಾದರೆ T ಎರಡರಲ್ಲೂ ಒಂದೇ ಇರುತ್ತದೆ.

ಇಷ್ಟೆಲ್ಲವೂ ಚರ್ಚೆಯಲ್ಲಿ ಎರಡು ಪ್ಯಾರಾಗಳಿಗಿಂತ ಹೆಚ್ಚು ಜಾಗ ಬೇಡುವುದಿಲ್ಲ. ನಾನಾಗಿದ್ದರೆ ಸುಮಾರು ಹೀಗೆ ಬರೆಯುತ್ತಿದ್ದೆ:

> T² ಮತ್ತು l ನಡುವಿನ ಸಂಬಂಧ ಸಿದ್ಧಾಂತದಂತೆ ಸರಳರೇಖೆಯಾಗಿದ್ದರೂ ರೇಖೆ ಮೂಲಬಿಂದುವಿನ ಮೂಲಕ ಹಾದುಹೋಗುವುದಿಲ್ಲ. ಇಂಟರ್‌ಸೆಪ್ಟ್ ತನ್ನ ಅನಿಶ್ಚಿತತೆಯ ಎಂಟು ಪಟ್ಟಿಗೂ ಹೆಚ್ಚಿರುವುದರಿಂದ ಇದು ಉದ್ದದ ಅಳತೆಯಲ್ಲಿನ ವ್ಯವಸ್ಥಿತ ದೋಷವನ್ನು ಸೂಚಿಸುತ್ತದೆ. ಇಂಟರ್‌ಸೆಪ್ಟ್ ಮತ್ತು ಇಳಿಜಾರಿನ ಅನುಪಾತದಿಂದ ಬಿಟ್ಟುಹೋದ ಉದ್ದ 1.7 ± 0.2 ಸೆಂ.ಮೀ. ಎಂದು ದೊರೆಯುತ್ತದೆ. ಉದ್ದವನ್ನು ಗುಂಡಿನ ಕೇಂದ್ರದ ಬದಲು ಕೊಕ್ಕೆಯವರೆಗೆ ಅಳೆಯಲಾಗಿತ್ತು. ಗುಂಡಿನ ತ್ರಿಜ್ಯ 1.21 ಸೆಂ.ಮೀ. ಆಗಿದ್ದು, ಉಳಿದ ಭಾಗ ಕೊಕ್ಕೆಯದೆಂದು ಭಾವಿಸಲಾಗಿದೆ. ಕೊಕ್ಕೆಯನ್ನು ಪ್ರತ್ಯೇಕವಾಗಿ ಅಳೆದಿಲ್ಲ. ಈ ದೋಷ ಇಂಟರ್‌ಸೆಪ್ಟನ್ನು ಮಾತ್ರ ಬದಲಿಸುವುದರಿಂದ ಇಳಿಜಾರಿನಿಂದ ಪಡೆದ 9.78 ± 0.03 ಮೀ/ಸೆ² ಎಂಬ ಬೆಲೆಗೆ ಅದರಿಂದ ಬಾಧೆಯಿಲ್ಲ. ಒಪ್ಪಿತ ಬೆಲೆಯಾದ 9.8 ಮೀ/ಸೆ² ಗೂ ಇದಕ್ಕೂ ಇರುವ ಅಂತರ ಅನಿಶ್ಚಿತತೆಯೊಳಗಿದೆ.
>
> ಎಲ್ಲ ಉದ್ದಗಳಿಗೂ ಕೋನ ಒಂದೇ ಎಂದುಕೊಂಡರೆ, ವಿಸ್ತಾರ ದೊಡ್ಡದಾಗಿದ್ದರಿಂದ ಅಥವಾ ಆಂದೋಲನಗಳ ಎಣಿಕೆ ತಪ್ಪಿದ್ದರಿಂದ ಬರುವ ದೋಷ ಎಲ್ಲ ಸಾಲುಗಳಲ್ಲೂ ಒಂದೇ ಪ್ರಮಾಣದಲ್ಲಿರುತ್ತಿತ್ತು. ಇಲ್ಲಿ ಅದು l ಹೆಚ್ಚಿದಂತೆ ಕಡಿಮೆಯಾಗಿದೆ. ಸ್ಟಾಪ್‌ವಾಚ್ ನಿಲ್ಲಿಸುವಲ್ಲಿನ ತಡವೇ ಕಾರಣವಾಗಿದ್ದರೆ ಅದು 0.37 ರಿಂದ 0.56 ಸೆಕೆಂಡಿನಷ್ಟಿರಬೇಕಿತ್ತು, ಪುನರಾವರ್ತಿತ ಅಳತೆಗಳ ಮಾನಕ ವಿಚಲನೆ ಸುಮಾರು 0.09 ಸೆಕೆಂಡು ಮಾತ್ರ.

ಕೊಕ್ಕೆಯನ್ನು ಅಳೆದು ಬಂದ ಮೇಲೆ ಆ ಎರಡು ವಾಕ್ಯಗಳನ್ನು ತಿದ್ದಿಕೊಳ್ಳಿ. ‘ಒಪ್ಪಿತ ಬೆಲೆ’ಯ ಬಗ್ಗೆಯೂ ಒಂದು ಮಾತಿದೆ. ಭೂಮಿಯ ಮೇಲೆ g ಎಲ್ಲೆಡೆ ಒಂದೇ ಅಲ್ಲ, ಸಮುದ್ರಮಟ್ಟದಲ್ಲಿ ಸಮಭಾಜಕದ ಬಳಿ 9.78, ಧ್ರುವಗಳ ಬಳಿ 9.83. ನಿಮ್ಮ ಅನಿಶ್ಚಿತತೆ 0.03 ಆದ್ದರಿಂದ ಈ ವ್ಯತ್ಯಾಸ ನಿಮ್ಮ ಪ್ರಯೋಗಕ್ಕೆ ಹೆಚ್ಚುಕಡಿಮೆ ಅಂಚಿನಲ್ಲಿದೆ. ನಿಮ್ಮ ಸ್ಥಳದ ಬೆಲೆ ಗೊತ್ತಿದ್ದರೆ 9.8 ರ ಬದಲು ಅದನ್ನೇ ಹೋಲಿಕೆಗೆ ಬಳಸಿ. ಗೊತ್ತಿಲ್ಲದಿದ್ದರೆ ‘ಶೇಕಡಾ ದೋಷ’ ಎಂಬ ಸಾಲನ್ನು ನಮೂನೆ ಕೇಳಿದೆಯೆಂದು ತುಂಬಿದರೂ ಅದರ ಮೇಲೆ ಏನನ್ನೂ ಕಟ್ಟಬೇಡಿ. ಅನಿಶ್ಚಿತತೆಯಿಲ್ಲದ ಶೇಕಡಾ ದೋಷ ನಿಮ್ಮ 9.51 ಕ್ಕೂ 3% ಎಂದೇ ಹೇಳಿತ್ತು, ಮತ್ತು ಅದು ಸಣ್ಣ ತಪ್ಪು ಎಂಬ ಭ್ರಮೆ ಹುಟ್ಟಿಸಿತ್ತು.

ನಮೂನೆಯ ‘ಫಲಿತಾಂಶ: g = ……’ ಎಂಬ ಗೆರೆಯಲ್ಲಿ 9.78 ± 0.03 ಮೀ/ಸೆ² ಎಂದು ಬರೆದು, ಪಕ್ಕದಲ್ಲೇ ‘ಇಳಿಜಾರಿನಿಂದ’ ಎಂದು ಸೇರಿಸಿ. ಹಳೆಯ 9.51 ಅನ್ನು ಅಳತೆ ಪುಸ್ತಕದಲ್ಲಿ ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಹೊಡೆದು ಹಾಗೆಯೇ ಬಿಡಿ.